ಕಪ್ಪು ಕೂದಲನ್ನು ಹಂತ ಹಂತವಾಗಿ ಬ್ಲೀಚ್ ಮಾಡುವಾಗ ನಡುವೆ ಎಷ್ಟು ವಾರ ಬಿಡಬೇಕು?

ಪ್ರಶ್ನೆ: ನನ್ನ ಕೂದಲು ಪೂರ್ತಿ ಕಪ್ಪು, ಭುಜಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ಎರಡು ವರ್ಷದ ಹಿಂದೆ ಒಮ್ಮೆ ಕಪ್ಪು ಡೈ ಹಾಕಿದ್ದೆ, ಆಮೇಲೆ ಏನೂ ಹಾಕಿಲ್ಲ. ಈಗ ಜೇನಿನ ಬಣ್ಣದ ಕಂದು ಬೇಕು ಅಂತ ಆಸೆ. ಒಂದೇ ಸಲ ಗಟ್ಟಿ ಬ್ಲೀಚ್ ಮಾಡಿಸಿಕೊಂಡ ಗೆಳತಿಯ ಕೂದಲು ನಡುವೆಯೇ ತುಂಡಾಗಿ ಉದುರಿತು. ಸ್ವಲ್ಪ ಸ್ವಲ್ಪವಾಗಿ ಮನೆಯಲ್ಲೇ ಮಾಡಿದರೆ ಕೂದಲು ಉಳಿಯುತ್ತಾ ಮೇಡಂ? ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಎಷ್ಟು ದಿನ ಬಿಟ್ಟರೆ ಕೂದಲು ಚೇತರಿಸಿಕೊಳ್ಳುತ್ತದೆ?

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಕೂದಲು ಚೇತರಿಸಿಕೊಳ್ಳುವುದಿಲ್ಲ. ನಾಲ್ಕು ವಾರ ಬಿಟ್ಟರೂ ಇಲ್ಲ, ನಾಲ್ಕು ತಿಂಗಳು ಬಿಟ್ಟರೂ ಇಲ್ಲ. ನೆತ್ತಿಯಿಂದ ಹೊರಗೆ ಬಂದ ಕೂದಲಿನಲ್ಲಿ ಜೀವಕೋಶ ಇರುವುದಿಲ್ಲ, ಹಾಗಾಗಿ ಗಾಯದ ಹಾಗೆ ಅದು ತಾನಾಗಿ ಮಾಯುವುದಿಲ್ಲ. ಒಮ್ಮೆ ಒಳಗೆ ಮುರಿದದ್ದು ಮುರಿದ ಹಾಗೇ ಇರುತ್ತದೆ. ಆರೈಕೆಯಿಂದ ನಯ ಬರಬಹುದು, ಸಿಕ್ಕು ಕಡಿಮೆಯಾಗಬಹುದು, ತುಂಡಾಗುವುದು ತಗ್ಗಬಹುದು, ಆದರೆ ಮೊದಲಿನ ಕೂದಲು ವಾಪಸ್ ಬರುವುದಿಲ್ಲ.

ಹಾಗಾದರೆ ನಡುವೆ ವಾರಗಟ್ಟಲೆ ಬಿಡುವುದು ಯಾಕೆ? ಮೊದಲ ಕಾರಣ ತಲೆಯ ಚರ್ಮ. ಅದಕ್ಕೆ ಜೀವ ಇದೆ, ಉರಿ ಇಳಿಯಲು ನಿಜವಾಗಿಯೂ ಸಮಯ ಬೇಕು. ಎರಡನೆಯದು ಇದಕ್ಕಿಂತ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ಬ್ಲೀಚ್ ಮಾಡಿದ ದಿನ ಕೂದಲಿನ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ. ತೊಳೆದ ಮೇಲೆ ಹಾಕುವ ಕಂಡೀಷನರ್, ಸೀರಮ್ ಎಲ್ಲ ಕೂದಲಿನ ಮೇಲೆ ಒಂದು ತೆಳು ಪದರ ಕಟ್ಟುತ್ತವೆ. ಕೈಗೆ ರೇಷ್ಮೆಯ ಹಾಗೆ ಸಿಗುತ್ತದೆ. ಆರೇಳು ಸಲ ತಲೆಗೆ ಸ್ನಾನ ಮಾಡಿ, ದಿನಾ ಬಾಚಿ, ಮಲಗಿ ಎದ್ದ ಮೇಲೆ ಆ ಪದರ ಹೋಗಿ ಒಳಗಿನದ್ದು ಹೊರಗೆ ಕಾಣುತ್ತದೆ. ತುದಿ ಒರಟಾಗಿದೆಯಾ, ಬಾಚಣಿಗೆಯಲ್ಲಿ ಸಣ್ಣ ತುಂಡುಗಳು ಬರುತ್ತಿವೆಯಾ ಅಂತ ಆಗ ತಿಳಿಯುತ್ತದೆ. ಮುಂದಿನ ಸಲ ಮಾಡಬೇಕೋ ಬೇಡವೋ ಅಂತ ನಿರ್ಧರಿಸಲು ಈ ಮಾಹಿತಿ ಬೇಕು. ಈ ಸಮಯ ಕೂದಲಿಗಲ್ಲ, ಅದನ್ನು ನೋಡುವ ನಿಮಗೆ.

ಈಗ ಗೆಳತಿಯ ಕೂದಲಿಗೆ ಏನಾಗಿರಬಹುದು ಅಂತ ನೋಡೋಣ. ಬ್ಲೀಚ್ ಪುಡಿಯಲ್ಲಿ ಪರ್ಸಲ್ಫೇಟ್ ಲವಣಗಳು ಮತ್ತು ಕ್ಷಾರ ಇರುತ್ತವೆ. ಅದಕ್ಕೆ ಕಲಸುವ ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. 10 ವಾಲ್ಯೂಮ್‌ನಲ್ಲಿ ಅದು 3%, 20ರಲ್ಲಿ 6%, 30ರಲ್ಲಿ 9%, 40ರಲ್ಲಿ 12%. ಕ್ಷಾರ ಕೂದಲಿನ ಹೊರಪೊರೆಯ ಚಿಪ್ಪುಗಳನ್ನು ಬಿಚ್ಚುತ್ತದೆ, ಉಳಿದವು ಒಳಗೆ ಹೋಗಿ ಮೆಲನಿನ್ ಎಂಬ ಬಣ್ಣದ ಕಣಗಳನ್ನು ಒಡೆಯುತ್ತವೆ. ತೊಂದರೆ ಏನೆಂದರೆ, ಬಣ್ಣವನ್ನು ಒಡೆಯುವ ಆ ಶಕ್ತಿಯೇ ಕೂದಲಿನ ಕೆರಟಿನ್ ಅನ್ನು ಹಿಡಿದಿಟ್ಟ ಗಂಧಕದ ಬಂಧಗಳನ್ನೂ ಒಡೆಯುತ್ತದೆ. ಇದು ಬಣ್ಣ, ಇದು ಬಂಧ ಅಂತ ಬ್ಲೀಚ್ ಬೇರೆ ಮಾಡಿ ನೋಡುವುದಿಲ್ಲ. ಕಪ್ಪು ಕೂದಲಿನಲ್ಲಿ ಬಣ್ಣದ ಕಣಗಳು ಜಾಸ್ತಿ, ಆದ್ದರಿಂದ ಒಂದೇ ಸಲಕ್ಕೆ ಹಳದಿಗೆ ತರಬೇಕೆಂದರೆ ಗಟ್ಟಿ ಡೆವಲಪರ್, ಜಾಸ್ತಿ ಹೊತ್ತು, ಕೆಲವೊಮ್ಮೆ ಮೇಲಿಂದ ಶಾಖ. 40 ವಾಲ್ಯೂಮ್‌ನಲ್ಲಿ ಕೆಲಸ ಎಷ್ಟು ಬೇಗ ನಡೆಯುತ್ತದೆ ಎಂದರೆ, ಚೆನ್ನಾಗಿದೆ ಎನ್ನುವ ಹಂತಕ್ಕೂ ಕೆಟ್ಟಿದೆ ಎನ್ನುವ ಹಂತಕ್ಕೂ ನಡುವೆ ಕೆಲವೇ ನಿಮಿಷ ಇರುತ್ತದೆ. ಆ ಕೆಲವು ನಿಮಿಷದಲ್ಲಿ ಇಡೀ ತಲೆಯನ್ನು ತೊಳೆದು ಮುಗಿಸಲು ಆಗುವುದಿಲ್ಲ, ಅಲ್ವಾ?

ಹಂತ ಹಂತವಾಗಿ ಮಾಡುವುದರ ಲಾಭ ಇರುವುದು ಇಲ್ಲೇ. ಕಡಿಮೆ ಡೆವಲಪರ್ ಹಾಕಿದಾಗ ಕೆಲಸ ನಿಧಾನ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಆದರೆ ಇದನ್ನು ತಪ್ಪಾಗಿ ತಿಳಿಯಬೇಡಿ. ಒಂದು ಗಟ್ಟಿ ಬ್ಲೀಚ್ ಬದಲು ನಾಲ್ಕು ಸಲ ಪೂರ್ತಿ ಮುಕ್ಕಾಲು ಗಂಟೆ ಇಟ್ಟರೆ ಕೂದಲು ಉಳಿಯುವುದಿಲ್ಲ, ಪೆಟ್ಟುಗಳು ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ. ಪ್ರತಿ ಸಲವೂ ಚಿಕ್ಕದಾಗಿರಬೇಕು, ಒಟ್ಟು ಸಲಗಳೂ ಕಡಿಮೆ ಇರಬೇಕು.

ಒಟ್ಟು ಎಷ್ಟು ಸಲ ಅನ್ನುವುದು ನಿಮಗೆ ಬೇಕಾದ ಬಣ್ಣದ ಮೇಲೆ ನಿಂತಿದೆ. ಕೂದಲಿನ ಬಣ್ಣವನ್ನು ನಾವು 1ರಿಂದ 10ರ ಲೆವೆಲ್‌ನಲ್ಲಿ ಅಳೆಯುತ್ತೇವೆ. 1 ಅಂದರೆ ಅಚ್ಚ ಕಪ್ಪು, 10 ಅಂದರೆ ತೀರಾ ತಿಳಿ ಹೊಂಬಣ್ಣ. ನಿಮ್ಮದು 2 ಇರಬಹುದು. ಜೇನಿನ ಕಂದು ಬಣ್ಣಕ್ಕೆ 7 ಸಾಕು, ಜಾಸ್ತಿ ಅಂದರೆ ಏಳೂವರೆ. ತುಂಬಾ ಜನ 9ರವರೆಗೆ ಏರಿಸಿ, ಮತ್ತೆ ಮೇಲೆ ಕಂದು ಬಣ್ಣ ಹಾಕಿ 7ಕ್ಕೆ ಇಳಿಸುತ್ತಾರೆ. ಆ ಎರಡು ಲೆವೆಲ್‌ನ ಪೆಟ್ಟು ಸುಮ್ನೆ ತಿಂದ ಹಾಗೆ. ಅದೂ ಅಲ್ಲದೆ ಜೇನಿನ ಬಣ್ಣಕ್ಕೆ ಒಳಗೆ ಸ್ವಲ್ಪ ಕಿತ್ತಳೆ, ಸ್ವಲ್ಪ ಚಿನ್ನದ ಛಾಯೆ ಇರಲೇಬೇಕು, ಅದೆಲ್ಲ ಹೋದರೆ ಬಣ್ಣ ಮಂಕಾಗುತ್ತದೆ. ಕಪ್ಪು ಇಳಿಯುವಾಗ ಮೊದಲು ಕೆಂಗಂದು, ಆಮೇಲೆ ಇಟ್ಟಿಗೆ ಕೆಂಪು, ಕಿತ್ತಳೆ, ತಿಳಿ ಕಿತ್ತಳೆ, ಹಳದಿ, ಹೀಗೆ ಬರುತ್ತದೆ. ನಿಮ್ಮ ನಿಲ್ದಾಣ ಕಿತ್ತಳೆ ಮತ್ತು ತಿಳಿ ಕಿತ್ತಳೆಯ ನಡುವೆ ಇದೆ. ಅಲ್ಲಿಗೆ ಎರಡು ಸಲ ಸಾಕಾಗಬಹುದು. ಮೂರನೆಯದು ಬೇಕಾದರೂ ತೀರಾ ಚಿಕ್ಕದು.

ಮನೆಯಲ್ಲಿ ಮಾಡುವ ಮುಂಚೆ ಒಂದು ಎಳೆಯ ಪರೀಕ್ಷೆ ಆಗಲೇಬೇಕು, ಇದರಲ್ಲಿ ರಾಜಿ ಇಲ್ಲ. ತಲೆಯ ಹಿಂಭಾಗದ ಒಳಪದರದಿಂದ ಪೆನ್ಸಿಲ್‌ಗಿಂತ ತೆಳುವಾದ ಒಂದು ಗೊಂಚಲನ್ನು ಬುಡದ ಹತ್ತಿರ ದಾರದಿಂದ ಬಿಗಿಯಾಗಿ ಕಟ್ಟಿ, ದಾರಕ್ಕೂ ನೆತ್ತಿಗೂ ನಡುವೆ ಕತ್ತರಿಸಿ ತೆಗೆಯಿರಿ. ಉದ್ದ ಪೂರ್ತಿ ಬರಬೇಕು. ಕೂದಲು ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳೆಯುತ್ತದೆ ಅಂತ ಲೆಕ್ಕ ಹಾಕಿದರೆ ಎರಡು ವರ್ಷಕ್ಕೆ ಸುಮಾರು 30 ಸೆಂಟಿಮೀಟರ್ ಆಯಿತು. ಅಂದರೆ ಭುಜ ದಾಟಿದ ನಿಮ್ಮ ಕೂದಲಿನ ಕೊನೆಯ ಹತ್ತು ಹನ್ನೆರಡು ಸೆಂಟಿಮೀಟರ್‌ನಲ್ಲಿ ಆ ಹಳೆಯ ಕಪ್ಪು ಡೈ ಇನ್ನೂ ಕೂತಿದೆ. ಕಣ್ಣಿಗೆ ಎಲ್ಲ ಒಂದೇ ಕಪ್ಪು, ಆದರೆ ಬ್ಲೀಚ್‌ಗೆ ಎರಡೂ ಬೇರೆ ಬೇರೆ. ಹುಟ್ಟು ಬಣ್ಣ ಬೇಗ ಇಳಿಯುತ್ತದೆ, ಡೈ ಬಣ್ಣ ಹಠ ಮಾಡುತ್ತದೆ. ಈ ಗೊಂಚಲಿನಲ್ಲೇ ಅದು ಗೊತ್ತಾಗಿಬಿಡುತ್ತದೆ.

ಪ್ಲಾಸ್ಟಿಕ್ ಬಟ್ಟಲಿನಲ್ಲಿ ಒಂದು ಭಾಗ ಬ್ಲೀಚ್ ಪುಡಿಗೆ ಎರಡು ಭಾಗ 20 ವಾಲ್ಯೂಮ್ ಡೆವಲಪರ್ ಹಾಕಿ ಕಲಸಿ. ನಿಮ್ಮ ಪ್ಯಾಕೆಟ್ ಬೇರೆ ಪ್ರಮಾಣ ಹೇಳಿದರೆ ಅದನ್ನೇ ಪಾಲಿಸಿ. ಲೋಹದ ಬಟ್ಟಲು ಬೇಡ. ಗೊಂಚಲು ಪೂರ್ತಿ ಮುಳುಗುವಷ್ಟು ಹಚ್ಚಿ, 15 ನಿಮಿಷ ಆದ ಮೇಲೆ ಒಂದು ಕಡೆ ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಒರೆಸದೆ ನೋಡಿದರೆ ಬ್ಲೀಚ್‌ನ ಬಿಳಿ ಬಣ್ಣ ಮೋಸ ಮಾಡುತ್ತದೆ. 25ನೇ ನಿಮಿಷಕ್ಕೆ ಮತ್ತೆ, 35ನೇ ನಿಮಿಷಕ್ಕೆ ಮತ್ತೆ ನೋಡಿ, ಯಾವ ಹೊತ್ತಿಗೆ ಯಾವ ಬಣ್ಣ ಬಂತು ಅಂತ ಬರೆದಿಡಿ. ಆಮೇಲೆ ತೊಳೆದು, ಒದ್ದೆ ಇರುವಾಗಲೇ ಒಂದೇ ಒಂದು ಕೂದಲನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಕೂದಲು ಸ್ವಲ್ಪ ಹಿಗ್ಗಿ, ಬಿಟ್ಟ ಕೂಡಲೇ ಮೊದಲಿನ ಉದ್ದಕ್ಕೆ ಬರುತ್ತದೆ. ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿದರೆ, ಅಥವಾ ಬೆರಳಿಗೆ ಅಂಟಿನ ಹಾಗೆ ಮೆತ್ತಗೆ ಸಿಕ್ಕರೆ ಒಳಗಿನ ಬಂಧಗಳು ಹೋಗಿವೆ ಅಂತ ಅರ್ಥ. ಹಿಗ್ಗದೆ ತಟ್ಟನೆ ತುಂಡಾದರೂ ಒಳ್ಳೆಯ ಲಕ್ಷಣ ಅಲ್ಲ.

ಈ ಗೊಂಚಲನ್ನು ಎಸೆಯಬೇಡಿ. ಇದು ನಿಮ್ಮ ತಲೆಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ ಇರಬೇಕು. ತಲೆಗೆ ಮೊದಲ ಬ್ಲೀಚ್ ಹಾಕುವ ಮುಂಚೆ ಗೊಂಚಲಿಗೆ ಎರಡನೆಯದೂ ಆಗಿರಬೇಕು. ತಲೆಗೆ ಎರಡನೆಯದು ಹಾಕುವ ಮುಂಚೆ ಗೊಂಚಲಿಗೆ ಮೂರನೆಯದು ಆಗಿರಬೇಕು. ನಡುವೆ ಅದನ್ನೂ ಅದೇ ಶಾಂಪೂ, ಅದೇ ಕಂಡೀಷನರ್‌ನಿಂದ ತೊಳೆಯುತ್ತಿರಿ. ಗೊಂಚಲು ಎಲ್ಲಿ ಸೋಲುತ್ತದೋ ಅದಕ್ಕೆ ಒಂದು ಹಂತ ಮೊದಲೇ ನಿಮ್ಮ ತಲೆ ನಿಲ್ಲಬೇಕು. ನನಗೆ ಗೊತ್ತಿರುವ ಮಟ್ಟಿಗೆ ಇಷ್ಟು ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ, ಆದರೂ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಪರೀಕ್ಷೆಯಲ್ಲಿ ಗೊಂಚಲು ಬಿಸಿಯಾದರೆ, ಗುಳ್ಳೆ ಬಂದರೆ, ಕೆಟ್ಟ ವಾಸನೆ ಅಥವಾ ಹೊಗೆ ಬಂದರೆ ತಕ್ಷಣ ತೊಳೆದು ಅಲ್ಲಿಗೇ ನಿಲ್ಲಿಸಿ. ಹಳೆಯ ಡೈ ಅಥವಾ ಮೆಹಂದಿ ಪುಡಿಯಲ್ಲಿ ಲೋಹದ ಲವಣ ಇದ್ದರೆ ಹೀಗಾಗುತ್ತದೆ. ಆ ಕೂದಲು ಬೆಳೆದು ಕತ್ತರಿಸಿ ಹೋಗುವವರೆಗೆ ಬ್ಲೀಚ್ ಬೇಡ. ಮೆಹಂದಿ ಜೊತೆ ನೀಲಿ ಎಲೆಯ ಪುಡಿ ಹಾಕಿದ್ದವರ ಕೂದಲು ಬ್ಲೀಚ್‌ಗೆ ಹಸಿರಾಗುವುದೂ ಉಂಟು. ಸ್ಟ್ರೇಟನಿಂಗ್ ಅಥವಾ ರಿಬಾಂಡಿಂಗ್ ಆದ ಕೂದಲಿಗೆ ಈ ಉತ್ತರ ಅನ್ವಯಿಸುವುದಿಲ್ಲ. ಅಲ್ಲಿ ಬಂಧಗಳು ಆಗಲೇ ಒಮ್ಮೆ ಮುರಿದಿರುತ್ತವೆ, ಮನೆಯಲ್ಲಿ ಕೈ ಹಾಕಬಾರದು. ಚರ್ಮದ ಪರೀಕ್ಷೆಯನ್ನೂ ಪ್ಯಾಕೆಟ್‌ನಲ್ಲಿ ಹೇಳಿದ ಹಾಗೆ 48 ಗಂಟೆ ಮೊದಲೇ ಮಾಡಿ. ಪರ್ಸಲ್ಫೇಟ್ ಕೆಲವರಿಗೆ ಅಲರ್ಜಿ ತರುತ್ತದೆ, ಆಸ್ತಮಾ ಇದ್ದವರಿಗೆ ಆ ಪುಡಿಯ ಧೂಳೇ ಉಸಿರಾಟಕ್ಕೆ ತೊಂದರೆ ಕೊಡಬಹುದು. ಕಿಟಕಿ ತೆರೆದಿರಲಿ, ಪುಡಿ ಹಾರದ ಹಾಗೆ ಮೆಲ್ಲಗೆ ಸುರಿಯಿರಿ.

ಈಗ ಮೊದಲ ಸಲ. ಒಂದೆರಡು ದಿನ ತಲೆಗೆ ಸ್ನಾನ ಮಾಡದೆ ಬಿಡಿ, ನೆತ್ತಿಯ ಜಿಡ್ಡು ಚರ್ಮಕ್ಕೆ ಸ್ವಲ್ಪ ರಕ್ಷಣೆ ಕೊಡುತ್ತದೆ. ಒಣ ಕೂದಲಿಗೇ ಹಚ್ಚಬೇಕು. ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲೂ ಅರ್ಧ ಸೆಂಟಿಮೀಟರ್ ದಪ್ಪದ ಪದರ ತೆಗೆಯುತ್ತಾ ಹೋಗಿ. ದಪ್ಪ ಪದರ ಹಿಡಿದರೆ ಮೇಲೆ ಕಿತ್ತಳೆ, ಒಳಗೆ ಕಪ್ಪು ಉಳಿದು ಕಲೆ ಕಲೆಯಾಗುತ್ತದೆ. ಹಿಂಭಾಗಕ್ಕೆ ಇನ್ನೊಬ್ಬರ ಕೈ ಬೇಕೇ ಬೇಕು. ಒಬ್ಬರೇ ಮಾಡಿದರೆ ಹಚ್ಚಲು ಒಂದು ಗಂಟೆ ಹಿಡಿಯುತ್ತದೆ, ಮೊದಲು ಹಚ್ಚಿದ ಭಾಗ ಕೊನೆಯ ಭಾಗಕ್ಕಿಂತ ಒಂದು ಗಂಟೆ ಜಾಸ್ತಿ ಬ್ಲೀಚ್ ಕುಡಿದಿರುತ್ತದೆ. ಅದೇ ಕಾರಣಕ್ಕೆ ಎಲ್ಲವನ್ನೂ ಒಮ್ಮೆಗೇ ಕಲಸಬೇಡಿ. 30 ಗ್ರಾಂ ಪುಡಿಗೆ 60 ಮಿಲಿ ಡೆವಲಪರ್ ಕಲಸಿ, ಅದು ಮುಗಿಯುತ್ತಾ ಬಂದಾಗ ಹೊಸದು ಕಲಸಿ. ಕಲಸಿ ಇಟ್ಟಷ್ಟೂ ಅದರ ಬಲ ಇಳಿಯುತ್ತದೆ.

ಮೊದಲು ಹಳೆಯ ಡೈ ಇರುವ ತುದಿಗಳಿಗೆ ಹಚ್ಚಿ. ಹತ್ತು ನಿಮಿಷ ಆದ ಮೇಲೆ ನಡುಭಾಗಕ್ಕೆ ಬನ್ನಿ. ಬುಡದ ಹತ್ತಿರ ಎರಡು ಬೆರಳಿನಷ್ಟು ಜಾಗ ಪೂರ್ತಿ ಬಿಟ್ಟುಬಿಡಿ. ಬುಡ ಬಿಡಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ನೆತ್ತಿಯ ಬಿಸಿಗೆ ಬುಡದ ಒಂದು ಒಂದೂವರೆ ಸೆಂಟಿಮೀಟರ್ ಕೂದಲು ಉಳಿದ ಕಡೆಗಿಂತ ಬೇಗ ತಿಳಿಯಾಗುತ್ತದೆ. ಬುಡ ಹಳದಿ, ಕೆಳಗೆ ಕಿತ್ತಳೆ, ಹೀಗಾದರೆ ಸರಿಮಾಡುವುದು ತುಂಬಾ ಕಷ್ಟ. ಬುಡ ಕಪ್ಪಾಗಿಯೇ ಇದ್ದು ಕೆಳಗೆ ಜೇನಿನ ಬಣ್ಣಕ್ಕೆ ತಿರುಗುವುದು ನೋಡಲೂ ಚೆನ್ನ. ಬ್ಲೀಚ್ ಚರ್ಮಕ್ಕೂ ತಾಗುವುದಿಲ್ಲ, ಕೂದಲು ಬೆಳೆದಾಗ ಗೆರೆಯೂ ಎದ್ದು ಕಾಣುವುದಿಲ್ಲ. ಗೆರೆ ಕತ್ತರಿಸಿದ ಹಾಗೆ ನೇರವಾಗಿ ಬರದಿರಲು ಕೆಲವು ಪದರಗಳಲ್ಲಿ ಸ್ವಲ್ಪ ಮೇಲೆ, ಕೆಲವದರಲ್ಲಿ ಸ್ವಲ್ಪ ಕೆಳಗೆ ಶುರು ಮಾಡಿ, ಮೇಲಿನ ಅಂಚನ್ನು ಬ್ರಷ್‌ನಿಂದ ತೆಳುವಾಗಿ ಎಳೆದುಬಿಡಿ.

ನಡುಭಾಗಕ್ಕೆ 30 ನಿಮಿಷ, ತುದಿಗೆ ಮೊದಲಿನ ಹತ್ತು ಸೇರಿ 40. ಇದು ಗರಿಷ್ಠ. ಗೊಂಚಲು 25 ನಿಮಿಷಕ್ಕೇ ಬೇಕಾದ ಬಣ್ಣ ಕೊಟ್ಟಿದ್ದರೆ 25ಕ್ಕೇ ನಿಲ್ಲಿಸಿ. ಬ್ಲೀಚ್ ಒಣಗಿದರೆ ಕೆಲಸ ನಿಲ್ಲುತ್ತದೆ, ಒಣಗಿದ ಕಡೆ ಸ್ವಲ್ಪ ಹೊಸದು ಹಚ್ಚಿ. ಹೇರ್ ಡ್ರೈಯರ್‌ನ ಬಿಸಿ ಬೇಡ. ಮೊದಲು ಹಚ್ಚಿದ ಭಾಗವನ್ನೇ ಮೊದಲು ತೊಳೆಯಿರಿ, ಉಗುರು ಬೆಚ್ಚಗಿನ ನೀರಿನಿಂದ, ಜಾರುವಿಕೆ ಪೂರ್ತಿ ಹೋಗುವವರೆಗೆ. ನಡುವೆ ಎಲ್ಲಾದರೂ ಚರ್ಮಕ್ಕೆ ತಾಗಿ ಉರಿ ಜೋರಾದರೆ ಗಡಿಯಾರ ನೋಡಬೇಡಿ, ತೊಳೆದುಬಿಡಿ.

ತೊಳೆದು ಒಣಗಿಸಿದಾಗ ಕನ್ನಡಿಯಲ್ಲಿ ಕಾಣುವುದು ಇಟ್ಟಿಗೆ ಕೆಂಪು ಬೆರೆತ ಕಂದು. ಲೆವೆಲ್ 5ರ ಹತ್ತಿರ. ಇಷ್ಟವಾಗುವ ಬಣ್ಣ ಅಲ್ಲ. ತುಂಬಾ ಜನ ಹೆದರಿ ಅದೇ ಸಂಜೆ ಇನ್ನೊಂದು ಬ್ಲೀಚ್ ಕಲಸುವುದು ಈ ಹೊತ್ತಿನಲ್ಲೇ. ದಯವಿಟ್ಟು ಮಾಡಬೇಡಿ. ಆಗ ತಾನೇ ಬಿಚ್ಚಿದ ಹೊರಪೊರೆಯ ಮೂಲಕ ಎರಡನೆಯ ಬ್ಲೀಚ್ ಮೊದಲಿನದ್ದಕ್ಕಿಂತ ಬೇಗ ಒಳಗೆ ನುಗ್ಗುತ್ತದೆ. ಹೀಗೆ ಮಾಡಿದರೆ ಗಟ್ಟಿ ಬ್ಲೀಚ್‌ಗೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಈ ಕೆಂಪು ನಿಮ್ಮ ದಾರಿಯಲ್ಲಿ ಬರಲೇಬೇಕಾದ ಬಣ್ಣ, ಅದು ಬಂದಿದೆ ಅಂದರೆ ಕೆಲಸ ಸರಿಯಾಗಿದೆ.

ಹೊರಗೆ ಓಡಾಡಲು ಮುಜುಗರ ಆದರೆ ಅಮೋನಿಯಾ ಇಲ್ಲದ, ಕೆಲವು ವಾರಕ್ಕೆ ಮಸುಕಾಗುವ ಡೆಮಿ ಪರ್ಮನೆಂಟ್ ಟೋನರ್, ಅಂದರೆ ಬ್ಲೀಚ್ ಆದ ಕೂದಲಿನ ಛಾಯೆ ತಿದ್ದುವ ಬಣ್ಣ ಹಾಕಿ. ಕೂದಲು ಈಗ ಯಾವ ಲೆವೆಲ್‌ನಲ್ಲಿದೆಯೋ ಅದೇ ಲೆವೆಲ್‌ನ ತಣ್ಣನೆಯ ಕಂದು ಸಾಕು. ಪರ್ಮನೆಂಟ್ ಕಂದು ಅಥವಾ ಕಪ್ಪು ಡೈ ಮಾತ್ರ ಬೇಡ, ಅದು ಕೂತರೆ ಮುಂದಿನ ಸಲ ಬ್ಲೀಚ್ ಮೊದಲು ಅದನ್ನೇ ಕೀಳಬೇಕಾಗುತ್ತದೆ. ಕಿತ್ತಳೆ ಹೋಗಲಿ ಅಂತ ದಟ್ಟ ನೀಲಿ ಬಣ್ಣದ ಮಾಸ್ಕ್ ಪದೇ ಪದೇ ಹಾಕುವುದೂ ಬೇಡ. ಕೆಲವು ನೀಲಿ ಬಣ್ಣಗಳು ಕೂದಲಿನಲ್ಲಿ ಹಿಡಿದು ಕೂತು, ಮುಂದೆ ಕೂದಲು ಹಳದಿಯ ಕಡೆಗೆ ಹೋದಾಗ ಹಸಿರಾಗಿ ತೋರುತ್ತವೆ.

ಇನ್ನು ನಡುವಿನ ವಾರಗಳ ಮಾತು. ನನ್ನ ಸಲಹೆ ನಾಲ್ಕು ವಾರ. ಮೂರು ವಾರಕ್ಕಿಂತ ಕಡಿಮೆ ಬೇಡ. ವಾರಕ್ಕೆ ಎರಡು ಸಲ ತಲೆಗೆ ಸ್ನಾನ ಮಾಡುವವರಿಗೆ ನಾಲ್ಕು ವಾರದಲ್ಲಿ ಏಳೆಂಟು ಸ್ನಾನ ಆಗುತ್ತದೆ, ಕೂದಲಿನ ನಿಜ ಸ್ಥಿತಿ ಕಾಣಲು ಅಷ್ಟು ಸಾಕು. ಜಾಸ್ತಿ ದಿನ ಬಿಟ್ಟರೆ? ಬುಡ ಕಪ್ಪಾಗಿ ಬಿಟ್ಟಿರುವುದರಿಂದ ನಿಮಗೆ ಏನೂ ತೊಂದರೆ ಇಲ್ಲ. ಎರಡು ತಿಂಗಳು, ಮೂರು ತಿಂಗಳು ಬಿಟ್ಟರೂ ನಡೆಯುತ್ತದೆ. ಬುಡದವರೆಗೂ ಬ್ಲೀಚ್ ಮಾಡಿಸುವವರ ಲೆಕ್ಕ ಬೇರೆ. ಅವರು ತುಂಬಾ ದಿನ ಬಿಟ್ಟರೆ ಬೆಳೆದ ಕಪ್ಪು ಕೂದಲು ನೆತ್ತಿಯ ಬಿಸಿ ಮುಟ್ಟುವ ದೂರವನ್ನು ದಾಟಿಬಿಡುತ್ತದೆ. ಆಗ ಬುಡ ಬೇಗ ತಿಳಿಯಾಗಿ, ಅದರ ಕೆಳಗೆ ಒಂದು ದಟ್ಟ ಪಟ್ಟಿ ಉಳಿಯುತ್ತದೆ. ಅಂಥವರು ನಾಲ್ಕರಿಂದ ಆರು ವಾರದ ಒಳಗೆ ಮುಗಿಸುವುದು ಒಳ್ಳೆಯದು.

ನಾಲ್ಕು ವಾರ ಆಯಿತು ಅಂತ ಕಣ್ಣು ಮುಚ್ಚಿ ಮುಂದಿನ ಬ್ಲೀಚ್ ಕಲಸುವುದೂ ಸರಿಯಲ್ಲ. ತಾರೀಖು ಅನುಮತಿ ಕೊಡುವುದಿಲ್ಲ, ಕೂದಲು ಕೊಡಬೇಕು. ಹಿಂದಿನ ದಿನ ತಲೆ ಒದ್ದೆ ಮಾಡಿಕೊಂಡು ಹಣೆಯ ಅಂಚಿನಿಂದ ಒಂದು ಕೂದಲು, ನಡುನೆತ್ತಿಯಿಂದ ಒಂದು, ತುದಿಯಿಂದ ಒಂದು ತೆಗೆದು ಗೊಂಚಲಿಗೆ ಮಾಡಿದ ಹಾಗೇ ಎಳೆದು ನೋಡಿ. ಹಣೆಯ ಅಂಚಿನ ಕೂದಲು ತೆಳು, ಅದು ಮೊದಲು ಸೋಲುತ್ತದೆ. ಆಮೇಲೆ ಒಣಗಿದ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಬಾಚಿ. ಬೀಳುವ ಕೂದಲಿನ ಒಂದು ತುದಿಯಲ್ಲಿ ಸಣ್ಣ ಬಿಳಿ ಗಡ್ಡೆ ಇದ್ದರೆ ಅದು ಬುಡದಿಂದ ಸಹಜವಾಗಿ ಉದುರಿದ್ದು, ಚಿಂತೆ ಇಲ್ಲ. ಗಡ್ಡೆ ಇಲ್ಲದೆ ಚಿಕ್ಕ ಚಿಕ್ಕ ತುಂಡುಗಳೇ ಬೀಳುತ್ತಿದ್ದರೆ ಅದು ನಡುವೆ ಮುರಿದದ್ದು. ಅಂಥ ತುಂಡು ಜಾಸ್ತಿ ಕಂಡರೆ ಇನ್ನೆರಡು ವಾರ ಕಾದರೆ ಸರಿಹೋಗುತ್ತದೆ ಅಂತ ತಿಳಿಯಬೇಡಿ. ಕಾದರೆ ಆ ಕೂದಲು ಬಲವಾಗುವುದಿಲ್ಲ. ಅಲ್ಲಿಗೇ ನಿಲ್ಲಿಸಿ, ಆ ಲೆವೆಲ್‌ಗೆ ಹೊಂದುವ ಟೋನರ್ ಹಾಕಿ. ಲೆವೆಲ್ 5ರ ಬೆಚ್ಚಗಿನ ಕಂದು ಕೂಡ ಚೆನ್ನಾಗಿಯೇ ಇರುತ್ತದೆ.

ಈ ನಾಲ್ಕು ವಾರದ ಆರೈಕೆ ದೊಡ್ಡದೇನಲ್ಲ. ಸ್ನಾನಕ್ಕೆ ಮುಂಚೆ ನಡುಭಾಗ ಮತ್ತು ತುದಿಗೆ ತೆಂಗಿನೆಣ್ಣೆ ಹಚ್ಚಿ. ಅದು ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. ಪ್ರತಿ ಸಲ ಕಂಡೀಷನರ್, ವಾರಕ್ಕೊಮ್ಮೆ ಮಾಸ್ಕ್. ಕೂದಲು ಮೆತ್ತಗೆ ಜೋತುಬಿದ್ದರೆ ಪ್ರೋಟೀನ್ ಇರುವ ಮಾಸ್ಕ್, ಹುಲ್ಲಿನ ಹಾಗೆ ಬಿರುಸಾಗಿದ್ದರೆ ಪ್ರೋಟೀನ್ ಇಲ್ಲದ, ತೇವ ಕೊಡುವ ಮಾಸ್ಕ್. ಬಾಂಡ್ ಬಿಲ್ಡರ್ ಅಂತ ಮಾರುವ ವಸ್ತುಗಳು ತುಂಡಾಗುವುದನ್ನು ತಗ್ಗಿಸಲು ನೆರವಾಗುತ್ತವೆ, ಕೊಳ್ಳುವುದಾದರೆ ಕೊಳ್ಳಿ. ಆದರೆ ಅದು ಇದೆ ಅಂತ ಧೈರ್ಯ ಮಾಡಿ ಡೆವಲಪರ್ ಏರಿಸಬೇಡಿ. ಇಸ್ತ್ರಿ ಹಾಕಿದ ಹಾಗೆ ನೇರ ಮಾಡುವ ಬಿಸಿ ಯಂತ್ರವನ್ನು ಈ ತಿಂಗಳುಗಳಲ್ಲಿ ಬೀರುವಿನಲ್ಲೇ ಇಡಿ.

ಎರಡನೇ ಸಲದಲ್ಲಿ ಎರಡು ಬದಲಾವಣೆ. ಮೊದಲನೆಯದು, ಕೂದಲು ಈಗ ರಂಧ್ರ ರಂಧ್ರವಾಗಿದೆ, ಬ್ಲೀಚ್ ಬೇಗ ಹಿಡಿಯುತ್ತದೆ. ಅದೇ 20 ವಾಲ್ಯೂಮ್ ಇರಲಿ, ಆದರೆ 10ನೇ ನಿಮಿಷದಿಂದಲೇ ಒರೆಸಿ ನೋಡಲು ಶುರು ಮಾಡಿ. 20ರಿಂದ 25 ನಿಮಿಷಕ್ಕೆ ಕಿತ್ತಳೆ ಬರಬೇಕು. ಎರಡನೆಯದು, ತುದಿಗಳು ಈ ಸಲ ಮೊದಲಲ್ಲ. ಕಳೆದ ಸಲದ ನಂತರ ತುದಿ ನಡುಭಾಗದಷ್ಟೇ ತಿಳಿಯಾಗಿದ್ದರೆ ಅದಕ್ಕೆ ಕೊನೆಯಲ್ಲಿ ಹಚ್ಚಿ, ಕಡಿಮೆ ಹೊತ್ತು ಇಡಿ. ತುದಿ ಇನ್ನೂ ಕಪ್ಪಾಗಿ ಹಿಂದೆ ಉಳಿದಿದ್ದರೆ ಮಾತ್ರ ಐದಾರು ನಿಮಿಷ ಮುಂಚೆ ಹಚ್ಚಬಹುದು, ಅದೂ ಎಳೆದು ನೋಡುವ ಪರೀಕ್ಷೆ ಪಾಸಾಗಿದ್ದರೆ. ಆ ತುದಿಗಳು ತಲೆಯಲ್ಲೇ ಎಲ್ಲಕ್ಕಿಂತ ಹಳೆಯ ಕೂದಲು, ಡೈ ಪೆಟ್ಟೂ ತಿಂದಿವೆ. ಅಲ್ಲಿ ನಾಲ್ಕು ಸೆಂಟಿಮೀಟರ್ ಕತ್ತರಿಸಲು ಒಪ್ಪಿದರೆ ನಿಮ್ಮ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಒಂದು ಹೆಚ್ಚುವರಿ ಬ್ಲೀಚ್‌ಗಿಂತ ಕತ್ತರಿ ಎಷ್ಟೋ ಮೇಲು.

ತೊಳೆದ ಮೇಲೆ ಕೂದಲು ಪೂರ್ತಿ ಒಣಗಲಿ, ಒದ್ದೆ ಕೂದಲು ಯಾವಾಗಲೂ ಒಂದು ಹಂತ ದಟ್ಟವಾಗಿ ಕಾಣುತ್ತದೆ. ಹಗಲು ಬೆಳಕಿನಲ್ಲಿ ನೋಡಿ. ಒಂದೇ ಸಮನಾದ ಕಿತ್ತಳೆ ಬಂದಿದ್ದರೆ ಬ್ಲೀಚ್ ಕೆಲಸ ಮುಗಿಯಿತು. ಅದರ ಮೇಲೆ ಲೆವೆಲ್ 7ರ ಚಿನ್ನದ ಅಥವಾ ಬೀಜ್ ಛಾಯೆಯ ಡೆಮಿ ಟೋನರ್ ಹಾಕಿದರೆ ಜೇನಿನ ಕಂದು ಸಿಗುತ್ತದೆ. ಕಿತ್ತಳೆ ತುಂಬಾ ಉರಿಯುವ ಹಾಗಿದ್ದರೆ ಟೋನರ್‌ನಲ್ಲಿ ನೀಲಿ ಮೂಲದ ಬೂದಿ ಛಾಯೆ ಸ್ವಲ್ಪ ಬೆರೆಸಿ, ಯಾಕೆಂದರೆ ನೀಲಿ ಕಿತ್ತಳೆಯನ್ನು ತಣಿಸುತ್ತದೆ. ನೇರಳೆ ಶಾಂಪೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ಹಳದಿಗೆ.

ಎರಡನೇ ಸಲದ ನಂತರವೂ ಕೆಂಪು ಜಾಸ್ತಿ ಉಳಿದಿದ್ದರೆ, ಅಥವಾ ಅಲ್ಲಲ್ಲಿ ದಟ್ಟ ತೇಪೆ ಇದ್ದರೆ ಮೂರನೇ ಸಲ. ಮತ್ತೆ ನಾಲ್ಕು ವಾರ, ಮತ್ತೆ ಅದೇ ಪರೀಕ್ಷೆಗಳು, ಗೊಂಚಲೂ ಒಂದು ಹೆಜ್ಜೆ ಮುಂದೆ ಹೋಗಿ ಉಳಿದಿರಬೇಕು. ಈ ಸಲ ಇಡೀ ತಲೆಗೆ ಹಚ್ಚಬೇಡಿ. ದಟ್ಟವಾಗಿ ಉಳಿದ ಕಡೆಗೆ ಮಾತ್ರ, 10ರಿಂದ 15 ನಿಮಿಷ. ಪಕ್ಕದ ತಿಳಿ ಕೂದಲಿಗೆ ದಪ್ಪಗೆ ಕಂಡೀಷನರ್ ಬಳಿದು ಬೇರೆ ಮಾಡಿಟ್ಟರೆ ಬ್ಲೀಚ್ ಅದಕ್ಕೆ ಹರಡುವುದು ಕಡಿಮೆ. ಮೂರನೆಯದರ ನಂತರ ಹಳೆಯ ಡೈನ ತುದಿ ಇನ್ನೂ ಹಠ ಹಿಡಿದಿದ್ದರೆ ನಾಲ್ಕನೆಯದು ಬೇಡ. ಟೋನರ್ ಅನ್ನು ತುದಿಯ ಬಣ್ಣಕ್ಕೆ ಹೊಂದಿಸಿ ಅರ್ಧ ಲೆವೆಲ್ ದಟ್ಟ ಮಾಡಿ, ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಾ ಬನ್ನಿ.

ಮುಂದೆ ಟೋನರ್ ಕೆಲವು ವಾರಕ್ಕೆ ತೊಳೆದು ಹೋಗಿ ಕಿತ್ತಳೆ ಮತ್ತೆ ಇಣುಕುತ್ತದೆ. ಆಗ ಬೇಕಿರುವುದು ಮತ್ತೊಂದು ಟೋನರ್ ಅಷ್ಟೇ, ಬ್ಲೀಚ್ ಅಲ್ಲ. ಏಳೆಂಟು ತಿಂಗಳಾಗಿ ಕಪ್ಪು ಬುಡ ತೀರಾ ಉದ್ದವಾದರೆ ಮೇಲಿನಿಂದ ಎರಡು ಬೆರಳು ಬಿಟ್ಟು, ಹೊಸ ಕಪ್ಪು ಕೂದಲಿಗೆ ಮಾತ್ರ 20 ವಾಲ್ಯೂಮ್‌ನಲ್ಲಿ ಹಚ್ಚಿ, ಹಳೆಯ ಬ್ಲೀಚ್ ಶುರುವಾಗುವ ಗೆರೆಗೆ ಅರ್ಧ ಸೆಂಟಿಮೀಟರ್ ಮೊದಲೇ ಬ್ರಷ್ ನಿಲ್ಲಿಸಿ. ಬ್ಲೀಚ್ ಉಬ್ಬಿಕೊಂಡು ಆ ಅರ್ಧ ಸೆಂಟಿಮೀಟರ್‌ಗೆ ತಾನೇ ಇಳಿಯುತ್ತದೆ. ಗೆರೆ ದಾಟಿ ಹಚ್ಚಿದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದು ಕೂದಲು ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಹೊಸ ಕೂದಲೂ ಕಿತ್ತಳೆಗೆ ಬಂದ ಮೇಲೆ ಬುಡ ಬಿಟ್ಟು ಉಳಿದ ಇಡೀ ಕೂದಲಿಗೆ ಒಂದೇ ಟೋನರ್ ಹಾಕಿ, ಬಣ್ಣ ಒಂದಾಗುತ್ತದೆ.